ಶೇಂಗಾ ಯಂತ್ರದ ಠರಾವು: ತಿದ್ದಿ ಬರೆದ ಕರಡು

ಸಿಇಒ ಅವರೇ, ನಮಸ್ಕಾರ.

ಶೇಂಗಾ ಸುಲಿಯುವ ಯಂತ್ರದ ಬಗ್ಗೆ ನಮ್ಮ ರೈತ ಕಂಪನಿಯ ಮಂಡಳಿ ಸಭೆಗೆ ಇಡಲು ನೀವು ಕಳಿಸಿದ ಕರಡನ್ನು ಎರಡು ಸಲ ಓದಿದೆ. ವಿಷಯ ಸರಿಯಾಗಿದೆ, ಆದರೆ ಕಾರಣ, ಆಸೆ, ತೀರ್ಮಾನ ಎಲ್ಲಾ ಒಂದೇ ಪ್ಯಾರಾದಲ್ಲಿ ಕಲಸಿಹೋಗಿವೆ. "ಸದಸ್ಯರ ತೊಂದರೆಯನ್ನು ಮನಗಂಡು, ಸೂಕ್ತ ಯಂತ್ರ ಖರೀದಿಸಿ, ಅಗತ್ಯ ಸಾಲ ಪಡೆದು, ಗೋದಾಮಿನ ವ್ಯವಸ್ಥೆ ಮಾಡಿ ಮುಂದಿನ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು" ಎಂದು ಬ್ಯಾಂಕಿಗೆ ಕೊಟ್ಟರೆ, ಎಷ್ಟು ಸಾಲ, ಯಾರ ಸಹಿ, ಅಡಮಾನ ಏನು ಅಂತ ಕೇಳಿ ವಾಪಸ್ ಕಳಿಸುತ್ತಾರೆ. ನಾಳೆ ನಮ್ಮಲ್ಲೇ ಒಬ್ಬರು "ನಾವು ಒಪ್ಪಿದ್ದು ಇಷ್ಟಕ್ಕಲ್ಲ" ಎಂದರೂ ಉತ್ತರ ಇರುವುದಿಲ್ಲ, ಅಲ್ವಾ? ಅದಕ್ಕೇ ಕಾರಣಗಳನ್ನು ಮೇಲೆ ಬೇರೆಯಾಗಿ ಇಟ್ಟು, ತೀರ್ಮಾನಗಳನ್ನು ಮೂರು ಠರಾವು ಮಾಡಿದ್ದೇನೆ. 12ರ ಸಭೆಗೆ ಇದನ್ನೇ ಇಡಿ.

ನಿರ್ದೇಶಕ ಮಂಡಳಿ ಸಭೆ, ಚಳ್ಳಕೆರೆ, 2025ರ ಜುಲೈ 12

ಹಿನ್ನೆಲೆ

ಕಳೆದ ಹಂಗಾಮಿನಲ್ಲಿ ಸದಸ್ಯರು ಶೇಂಗಾ ಕಾಯಿಯನ್ನು ಸುಲಿಯದೆ ಮಾರಿದರು, ಇಲ್ಲವೇ ಹೊರಗೆ ಕೂಲಿ ಕೊಟ್ಟು ಸುಲಿಸಿದರು.

ಸುಲಿಯುವ ಯಂತ್ರಕ್ಕೆ ಮೂರು ಕೊಟೇಷನ್ ಬಂದಿವೆ. ಕೇಳಿದ ಸಾಮರ್ಥ್ಯಕ್ಕೆ ಎಲ್ಲಕ್ಕಿಂತ ಕಡಿಮೆ ದರ ಇರುವುದು 2025ರ ಜೂನ್ 20ರ ಕೊಟೇಷನ್ ಸಂಖ್ಯೆ 118ರಲ್ಲಿ. ಮೂರೂ ಈ ಸಭೆಯ ಮುಂದಿವೆ.

ಯಂತ್ರ ಇಡಲು ನೋಡಿರುವ ಗೋದಾಮು ಒಬ್ಬ ನಿರ್ದೇಶಕರ ಅಣ್ಣನದು. ನಿರ್ದೇಶಕರು ಇದನ್ನು ಸಭೆಗೆ ಬರೆದುಕೊಟ್ಟಿದ್ದಾರೆ.

ಠರಾವು 1: ಯಂತ್ರ ಖರೀದಿ

ಮಂಡಳಿ ಹೀಗೆ ತೀರ್ಮಾನಿಸುತ್ತದೆ:

1. ಗಂಟೆಗೆ ಕನಿಷ್ಠ 8 ಕ್ವಿಂಟಾಲ್ ಕಾಯಿ ಸುಲಿಯುವ ಒಂದು ಯಂತ್ರವನ್ನು ಕೊಟೇಷನ್ ಸಂಖ್ಯೆ 118ರ ಪ್ರಕಾರ ಖರೀದಿಸುವುದು. ಜಿಎಸ್‌ಟಿ, ಸಾಗಣೆ, ಜೋಡಣೆ ಎಲ್ಲಾ ಸೇರಿ ಖರ್ಚು ₹9,40,000 ಮೀರಬಾರದು. ಮೀರುವುದಾದರೆ ಮತ್ತೆ ಮಂಡಳಿಯ ಒಪ್ಪಿಗೆ ಬೇಕು.

2. ಇದರಲ್ಲಿ ₹2,40,000 ಕಂಪನಿಯ ಚಾಲ್ತಿ ಖಾತೆಯಿಂದ, ಉಳಿದದ್ದು ಠರಾವು 2ರ ಸಾಲದಿಂದ ಕೊಡುವುದು.

3. ಬ್ಯಾಂಕಿನ ಸಾಲ ಮಂಜೂರಾತಿ ಪತ್ರ ಕೈಸೇರಿದ ಮೇಲೆ, 7 ದಿನದೊಳಗೆ ಸಿಇಒ ಆರ್ಡರ್ ಕೊಡುವುದು. ಅದಕ್ಕೆ ಮುಂಚೆ ಮುಂಗಡ ಕೊಡಬಾರದು.

ಠರಾವು 2: ಸಾಲ

1. ಚಾಲ್ತಿ ಖಾತೆ ಇರುವ ಬ್ಯಾಂಕಿನ ಚಳ್ಳಕೆರೆ ಶಾಖೆಯಿಂದ ₹7,00,000 ಮೀರದ ಅವಧಿ ಸಾಲ ಪಡೆಯುವುದು. ಅವಧಿ 60 ತಿಂಗಳು ಮೀರಬಾರದು, ಮಂಜೂರಾಗುವಾಗ ಬಡ್ಡಿ ವರ್ಷಕ್ಕೆ ಶೇ. 11 ಮೀರಬಾರದು.

2. ಸಾಲಕ್ಕೆ ಈ ಯಂತ್ರವನ್ನು ಮಾತ್ರ ಹೈಪಾಥಿಕೇಶನ್ ಮಾಡಿಕೊಡುವುದು. ಸದಸ್ಯರ ಷೇರು ಹಣವನ್ನಾಗಲಿ ಕಂಪನಿಯ ಬೇರೆ ಆಸ್ತಿಯನ್ನಾಗಲಿ ಅಡ ಇಡಬಾರದು.

3. ಸಾಲದ ಪತ್ರಗಳಿಗೆ ಅಧ್ಯಕ್ಷರು ಮತ್ತು ಸಿಇಒ ಇಬ್ಬರೂ ಸಹಿ ಮಾಡುವುದು. ಒಬ್ಬರ ಸಹಿ ಮಾತ್ರ ಇದ್ದರೆ ನಡೆಯದು.

4. ಹೈಪಾಥಿಕೇಶನ್ ಆದ 30 ದಿನದೊಳಗೆ ಸಿಇಒ CHG-1 ಫಾರಂ ಸಲ್ಲಿಸಿ, ಮುಂದಿನ ಸಭೆಗೆ ಅದರ ರಸೀದಿ ತರುವುದು.

ಠರಾವು 3: ಗೋದಾಮು

1. ಹಿನ್ನೆಲೆಯಲ್ಲಿ ಹೇಳಿದ ಗೋದಾಮನ್ನು 2025ರ ಆಗಸ್ಟ್ 1ರಿಂದ 2026ರ ಜೂನ್ 30ರವರೆಗೆ, 11 ತಿಂಗಳಿಗೆ, ತಿಂಗಳಿಗೆ ₹12,000 ಬಾಡಿಗೆ ಮತ್ತು ₹36,000 ಮುಂಗಡ ಠೇವಣಿಗೆ ಪಡೆಯುವುದು. ಕರಾರಿಗೆ ಸಿಇಒ ಸಹಿ ಮಾಡುವುದು.

2. ಜುಲೈ 31ರೊಳಗೆ ಬ್ಯಾಂಕಿನ ಮಂಜೂರಾತಿ ಬಾರದಿದ್ದರೆ ಕರಾರು ಮಾಡಿಕೊಳ್ಳಬಾರದು. ಆಗ ವಿಷಯವನ್ನು ಮತ್ತೆ ಮಂಡಳಿಗೆ ತರುವುದು.

3. ಮಾಲೀಕರ ತಮ್ಮನಾದ ನಿರ್ದೇಶಕರು ಈ ಠರಾವಿನ ಚರ್ಚೆಯಲ್ಲಿ ಭಾಗವಹಿಸಲಿಲ್ಲ, ಮತ ಹಾಕಲಿಲ್ಲ ಎಂದು ನಡಾವಳಿಯಲ್ಲಿ ದಾಖಲಿಸುವುದು.

ಕರಡು ಇಲ್ಲಿಗೆ ಮುಗಿಯಿತು.

ನಿಮ್ಮ ಕರಡಿನಲ್ಲಿದ್ದ "ಸಬ್ಸಿಡಿ ಬರುವುದರಿಂದ" ಎಂಬ ಮಾತನ್ನು ತೆಗೆದಿದ್ದೇನೆ. ಮಂಜೂರಾತಿ ಕೈಯಲ್ಲಿಲ್ಲ, ಬರದ ಹಣವನ್ನು ಕಾರಣ ಅಂತ ಬರೆದರೆ ನಾಳೆ ಅದೇ ನಮ್ಮ ಕುತ್ತಿಗೆಗೆ ಬರುತ್ತದೆ. ಬಂದರೆ ಆಗ ಇನ್ನೊಂದು ಠರಾವು ಮಾಡೋಣ.

ಮೂರು ಠರಾವನ್ನು ಸುಮ್ನೆ ಒಟ್ಟಿಗೆ ಓದಿ ಕೈ ಎತ್ತಿಸಬೇಡಿ. ಒಂದೊಂದನ್ನೇ ಮತಕ್ಕೆ ಹಾಕಿ. ಗೋದಾಮಿನ ವಿಷಯದಲ್ಲಿ ದೂರ ಇರಬೇಕಾದ ನಿರ್ದೇಶಕರು ಯಂತ್ರ ಮತ್ತು ಸಾಲಕ್ಕೆ ಮತ ಹಾಕಬಹುದು, ಮತ್ತು ಗೋದಾಮಿನ ಠರಾವು ಬಿದ್ದುಹೋದರೂ ಯಂತ್ರದ ಖರೀದಿ ನಿಲ್ಲುವುದಿಲ್ಲ. ಇನ್ನೊಂದು ಮಾತು: ಸಾಲದ ಠರಾವನ್ನು ಮನೆಮನೆಗೆ ಕಳಿಸಿ ಸಹಿ ಹಾಕಿಸುವ ಹಾಗಿಲ್ಲ, ಕಂಪನಿ ಕಾಯ್ದೆ 2013ರ 179ನೇ ಸೆಕ್ಷನ್ ಪ್ರಕಾರ ಅದು ಸಭೆಯಲ್ಲೇ ಆಗಬೇಕು. ಹಾಗಾಗಿ 12ಕ್ಕೆ ಕೋರಂ ಇರುವಂತೆ ಎಲ್ಲರಿಗೂ ಇವತ್ತೇ ಫೋನ್ ಮಾಡಿ. ಬಡ್ಡಿ ದರದ ಮಿತಿ ಬಗ್ಗೆ ಶಾಖೆಯ ಮ್ಯಾನೇಜರ್ ಹತ್ತಿರ ಒಮ್ಮೆ ಮಾತಾಡಿ, ಶೇ. 11ಕ್ಕಿಂತ ಜಾಸ್ತಿ ಹೇಳಿದರೆ ಸಭೆಗೆ ಮುಂಚೆಯೇ ನನಗೆ ತಿಳಿಸಿ.