ಬಲ ತೊಡೆಸಂದಿನ ಹರ್ನಿಯಾ ಆಪರೇಶನ್: ರೋಗಿಗೂ ಮನೆಯವರಿಗೂ ಮಾಹಿತಿ

ನಿಮ್ಮ ಕೇಸ್ ಶೀಟಿನಲ್ಲಿ ಸರ್ಜನ್ ಹೀಗೆ ಬರೆದಿದ್ದಾರೆ: «ರೈಟ್ ಇಂಗ್ವೈನಲ್ ಹರ್ನಿಯಾ, ರೆಡ್ಯೂಸಿಬಲ್. ಓಪನ್ ಮೆಶ್ ಹರ್ನಿಯೋಪ್ಲಾಸ್ಟಿ ಅಂಡರ್ ಸ್ಪೈನಲ್.» ಅಂದರೆ ಬಲ ತೊಡೆಸಂದಿನಲ್ಲಿ ಹರ್ನಿಯಾ ಇದೆ, ಮಲಗಿದಾಗ ಅದು ಒಳಗೆ ಹೋಗುತ್ತದೆ. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿ, ಕೊಯ್ದು, ಬಲೆ ಕೂರಿಸುತ್ತೇವೆ. ಉಳಿದ ವಿವರ ಇಲ್ಲಿದೆ. ಅರ್ಥವಾಗದ ಕಡೆ ಪೆನ್ನಿನಿಂದ ಗೆರೆ ಹಾಕಿಕೊಂಡು ಬನ್ನಿ.

ಆಗಿರುವುದೇನು?

ವೃಷಣಕ್ಕೆ ಹೋಗುವ ರಕ್ತನಾಳ ಮತ್ತು ವೀರ್ಯನಾಳ ಹೊಟ್ಟೆಯ ಗೋಡೆಯ ಒಂದು ಸಣ್ಣ ದಾರಿಯಲ್ಲಿ ಹಾದುಹೋಗುತ್ತವೆ. ಆ ಜಾಗ ಸಡಿಲವಾಗಿದೆ. ಟಯರು ಸೀಳಿದಲ್ಲಿ ಟ್ಯೂಬು ಉಬ್ಬುವ ಹಾಗೆ, ಕೆಮ್ಮಿದಾಗ, ಭಾರ ಎತ್ತಿದಾಗ ಕರುಳು ಅಲ್ಲಿಂದ ಹೊರಗೆ ತಳ್ಳುತ್ತದೆ. ಮಾತ್ರೆಯಿಂದ, ಎಣ್ಣೆಯಿಂದ ಇದು ಮುಚ್ಚುವುದಿಲ್ಲ. ಬೆಲ್ಟ್ ಕಟ್ಟಿದರೆ ಉಬ್ಬು ಒತ್ತಿಹಿಡಿದಂತಾಗುತ್ತದೆ, ತೂತು ಹಾಗೇ ಇರುತ್ತದೆ.

ತೊಂದರೆಯೇ ಇಲ್ಲದ ಕೆಲವರಿಗೆ ಕಾದು ನೋಡಬಹುದು. ನಿಮಗೆ ಕೆಲಸ ಮಾಡುವಾಗ ನೋವಿದೆ, ಉಬ್ಬು ದೊಡ್ಡದಾಗುತ್ತಿದೆ, ಅದಕ್ಕೇ ಆಪರೇಶನ್ ಹೇಳಿದ್ದು. ದೂರ್ಬೀನಿನ ಆಪರೇಶನ್ ಯಾಕಿಲ್ಲ ಎಂದು ಮನೆಯವರು ಕೇಳಿದ್ದರು. ಅದಕ್ಕೆ ಸಾಮಾನ್ಯವಾಗಿ ಪೂರ್ತಿ ಪ್ರಜ್ಞೆ ತಪ್ಪಿಸಬೇಕು. ಬೀಡಿಯಿಂದಾಗಿ ನಿಮ್ಮ ಶ್ವಾಸಕೋಶ ಸ್ವಲ್ಪ ಸೋತಿದೆ, ಹಾಗಾಗಿ ಅರಿವಳಿಕೆ ಡಾಕ್ಟರು ಸ್ಪೈನಲ್ ಸಾಕು ಎಂದಿದ್ದಾರೆ.

ಬರುವ ಮೊದಲು

ಬೀಡಿ ಇವತ್ತೇ ನಿಲ್ಲಿಸಿ. ಇದು ಉಪದೇಶವಲ್ಲ: ಒಂದೊಂದು ಕೆಮ್ಮೂ ಹೊಸ ಹೊಲಿಗೆಯನ್ನು ಒಳಗಿನಿಂದ ಎಳೆಯುತ್ತದೆ, ಗಾಯವೂ ನಿಧಾನ ಮಾಯುತ್ತದೆ. ಆಪರೇಶನ್ ದಿನಕ್ಕೆ ನೆಗಡಿ, ಕಫ, ಜ್ವರ ಇದ್ದರೆ ಮೊದಲೇ ತಿಳಿಸಿ, ದಿನ ಮುಂದೆ ಹಾಕುತ್ತೇವೆ.

ಬುಧವಾರ ಸಂಜೆ 4ಕ್ಕೆ ವಾರ್ಡಿಗೆ ಬನ್ನಿ. ತಿನ್ನುವ ಎಲ್ಲ ಮಾತ್ರೆಗಳನ್ನು, ಕಷಾಯ ಲೇಹ್ಯ ಇದ್ದರೆ ಅದನ್ನೂ, ಒಂದು ತೊಟ್ಟೆಯಲ್ಲಿ ಹಾಕಿ ತನ್ನಿ. ಆಯುಷ್ಮಾನ್ ಕಾರ್ಡಿನಲ್ಲಿ ಮಾಡಿಸುವುದಾದರೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ ಎಂದು ಈ ವಾರವೇ ಕೌಂಟರಿನಲ್ಲಿ ಕೇಳಿ. ತೊಡೆಸಂದಿನ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ಕೀವು ಹುಟ್ಟುತ್ತದೆ. ಬೇಕಾದರೆ ನಾವೇ ಮೆಶಿನ್ ಹಿಡಿದು ಕತ್ತರಿಸುತ್ತೇವೆ.

ಬುಧವಾರ ರಾತ್ರಿ 10ರ ನಂತರ ಊಟ ಇಲ್ಲ. ಹಾಲು ಹಾಕಿದ ಚಾ, ಗಂಜಿ ತಿಳಿ ಎಲ್ಲವೂ ಊಟದ ಲೆಕ್ಕವೇ. ಬರೀ ನೀರನ್ನು ಬೆಳಿಗ್ಗೆ 6.30ರವರೆಗೆ ಕುಡಿಯಬಹುದು. ಎಲೆಯಡಿಕೆ ಬೇಡ.

ಗುರುವಾರ ಬೆಳಿಗ್ಗೆ ನಿಮ್ಮ ಮಾತ್ರೆಗಳು: ಬೀಪಿಯ ಆಮ್ಲೋಡಿಪಿನ್ 6 ಗಂಟೆಗೆ ಒಂದು ಗುಟುಕು ನೀರಿನಲ್ಲಿ ನುಂಗಿ. ಸಕ್ಕರೆಯ ಮೆಟ್‌ಫಾರ್ಮಿನ್ ಆ ಬೆಳಿಗ್ಗೆ ಬೇಡ, ಹೊಟ್ಟೆ ಖಾಲಿ ಇರುತ್ತದೆ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ 75 ನಿಲ್ಲಿಸುವುದು ಬೇಡ. ರಕ್ತ ತೆಳುವಾಗಿಸುವ ಬೇರೆ ಮಾತ್ರೆಯನ್ನು ಯಾರಾದರೂ ಹೊಸದಾಗಿ ಬರೆದುಕೊಟ್ಟಿದ್ದರೆ ಇವತ್ತೇ ಹೇಳಿ.

ಆಪರೇಶನ್ ಕೋಣೆಯಲ್ಲಿ

ಯಾವ ಬದಿ ಎಂದು ನಿಮ್ಮನ್ನೇ ಕೇಳಿ, ಬಲಬದಿಗೆ ಶಾಯಿಯಲ್ಲಿ ಗುರುತು ಹಾಕುತ್ತೇವೆ. ಮತ್ತೆ ಮತ್ತೆ ಕೇಳಿದರೆ ಬೇಸರ ಮಾಡಬೇಡಿ. ಆಮೇಲೆ ಕೂರಿಸಿ, ಬೆನ್ನು ಬಾಗಿಸಿ, ಸೊಂಟದ ಹತ್ತಿರ ಇಂಜೆಕ್ಷನ್ ಕೊಡುತ್ತಾರೆ. ಕಾಲು ಬಿಸಿಯಾಗಿ, ಭಾರವಾಗಿ, ಮರಗಟ್ಟುತ್ತದೆ. ಮುಟ್ಟಿದ್ದು, ಎಳೆದದ್ದು ತಿಳಿಯಬಹುದು, ನೋವು ತಿಳಿಯಬಾರದು. ತಿಳಿದರೆ ಬಾಯಿ ಬಿಟ್ಟು ಹೇಳಿ.

ತೊಡೆಸಂದಿನ ಮೇಲೆ 5ರಿಂದ 6 ಸೆಂ.ಮೀ. ಕೊಯ್ಯುತ್ತೇವೆ. ಹೊರಬಂದ ಚೀಲವನ್ನು ಬಿಡಿಸಿ ಹೊಟ್ಟೆಯೊಳಕ್ಕೆ ಸೇರಿಸಿ, ಸಡಿಲ ಜಾಗದ ಮೇಲೆ ಬಲೆ ಹಾಸಿ ಹೊಲಿಯುತ್ತೇವೆ. ಬಲೆ ಬರುವಾಗ ಸುಮಾರು 15 ಸೆಂ.ಮೀ. ಉದ್ದ, 7.5 ಸೆಂ.ಮೀ. ಅಗಲ, ನಿಮ್ಮ ಅಳತೆಗೆ ಕತ್ತರಿಸುತ್ತೇವೆ. ದೋಣಿಯ ಹಗ್ಗಕ್ಕೂ ಬಳಸುವ ಪಾಲಿಪ್ರೊಪಿಲಿನ್ ಅದು, ಆದರೆ ಆಸ್ಪತ್ರೆಗೆಂದೇ ಶುದ್ಧಮಾಡಿ ತಯಾರಿಸಿದ್ದು. ಕೆಲವು ವಾರಗಳಲ್ಲಿ ನಿಮ್ಮದೇ ಮಾಂಸ ಅದರ ಕಣ್ಣುಗಳ ನಡುವೆ ಬೆಳೆದು ಗಟ್ಟಿಯಾಗುತ್ತದೆ. ಕರಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ತೆಗೆಯಬೇಕಾಗಿಲ್ಲ. ಎಮ್ಆರ್ಐ ಮಾಡಿಸಲು ಅಡ್ಡಿಯಿಲ್ಲ. ಒಟ್ಟು ಮುಕ್ಕಾಲರಿಂದ ಒಂದೂವರೆ ಗಂಟೆ.

ಏನು ತೊಂದರೆ ಆಗಬಹುದು?

ಸಹಿ ಹಾಕುವ ಮೊದಲು ಈ ಭಾಗವನ್ನು ಓದಲೇಬೇಕು. ವೃಷಣದ ಚೀಲದ ಸುತ್ತ ನೀಲಿಯಾಗುವುದು, ಊದುವುದು ಸಾಮಾನ್ಯ, ತಾನೇ ಇಳಿಯುತ್ತದೆ. ಸ್ಪೈನಲ್ ಆದ ಮೇಲೆ ಕೆಲವು ಗಂಟೆ ಮೂತ್ರ ಕಟ್ಟಬಹುದು. ಹೊಟ್ಟೆ ಕೆಳಗೆ ಬಿಗಿಯಾದರೆ ತಡೆದುಕೊಳ್ಳದೆ ಸಿಸ್ಟರಿಗೆ ಹೇಳಿ, ಟ್ಯೂಬು ಹಾಕಿ ತೆಗೆಯುತ್ತೇವೆ. ಕುಳಿತರೆ ಹೆಚ್ಚಿ ಮಲಗಿದರೆ ಇಳಿಯುವ ತಲೆನೋವು ಬಂದರೂ ಹೇಳಿ, ಅದಕ್ಕೆ ಚಿಕಿತ್ಸೆ ಇದೆ. ಬೆನ್ನಿಗೆ ಚುಚ್ಚಿದರೆ ಜೀವಮಾನವಿಡೀ ಸೊಂಟನೋವು ಎಂಬ ಮಾತು ಊರಲ್ಲಿದೆ. ಚುಚ್ಚಿದ ಜಾಗ ಎರಡು ಮೂರು ದಿನ ನೋಯುವುದುಂಟು, ಅಷ್ಟೇ.

ಗಾಯದ ಕೆಳಗೆ ಚರ್ಮ ಮರಗಟ್ಟಿದಂತೆ ಇರಬಹುದು, ಒಂದಿಷ್ಟು ಹಾಗೇ ಉಳಿಯಲೂಬಹುದು. ಕೆಲವರಿಗೆ ನರ ಬಲೆಗೋ ಹೊಲಿಗೆಗೋ ಸಿಕ್ಕಿ ತಿಂಗಳುಗಟ್ಟಲೆ ನೋವು ಇರುತ್ತದೆ. ಅಪರೂಪಕ್ಕೆ ಬಲೆಗೆ ಕೀವು ತಗಲಿ ಅದನ್ನು ತೆಗೆಯಬೇಕಾಗುತ್ತದೆ, ವೃಷಣದ ರಕ್ತನಾಳಕ್ಕೆ ಪೆಟ್ಟಾಗಿ ವೃಷಣ ಕುಗ್ಗುವುದೂ ಇದೆ. ಹರ್ನಿಯಾ ಮರಳಿ ಬರುವ ಸಾಧ್ಯತೆ ಕಡಿಮೆ, ಆದರೆ ಇಲ್ಲವೆಂದಲ್ಲ. ಸಹಿ ಹಾಕಿದ ಮೇಲೂ ಬೇಡ ಎನ್ನುವ ಹಕ್ಕು ನಿಮಗಿದೆ.

ಮನೆಯಲ್ಲಿ

ಸಂಜೆಯೇ ಹಿಡಿದುಕೊಂಡು ಎಬ್ಬಿಸಿ ನಡೆಸುತ್ತೇವೆ. ಮರುದಿನ ಮನೆಗೆ. ಪ್ಯಾರಸಿಟಮಾಲ್ 650 ಮಿ.ಗ್ರಾಂ. ಆರು ಗಂಟೆಗೊಂದು, ದಿನಕ್ಕೆ ನಾಲ್ಕೇ. ಮೊದಲ ಮೂರು ದಿನ ನೋವು ಬರಲಿ ಎಂದು ಕಾಯದೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಕೆಮ್ಮುವಾಗ, ಸೀನುವಾಗ, ಹಾಸಿಗೆಯಿಂದ ಏಳುವಾಗ ಅಂಗೈಯಿಂದ ಗಾಯವನ್ನು ಒತ್ತಿಹಿಡಿಯಿರಿ. ಏಳುವುದು ಹೀಗೆ: ಎಡಕ್ಕೆ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ.

ಮೀನು ನಂಜು, ಗಾಯ ಕೀವಾಗುತ್ತದೆ ಎಂದು ತಿಂಗಳು ಪೂರ್ತಿ ಗಂಜಿ ಉಪ್ಪಿನಕಾಯಿಯಲ್ಲೇ ಇಡಬೇಡಿ. ಮಾಂಸ ಕೂಡಲು ಮೀನು, ಮೊಟ್ಟೆ, ಬೇಳೆ ಬೇಕು. ಮಲ ಗಟ್ಟಿಯಾಗಿ ಮುಕ್ಕುವುದೇ ಅಪಾಯ: ಬಸಳೆ, ಬಾಳೆಹಣ್ಣು, ಬೇಕಾದಷ್ಟು ನೀರು, ಸಾಲದಿದ್ದರೆ ನಾವು ಬರೆದುಕೊಟ್ಟ ಸಿರಪ್.

ಪ್ಲಾಸ್ಟರ್ ನೀರು ತಡೆಯುವಂಥದ್ದು. ಎರಡು ದಿನ ಬಿಟ್ಟು ಸ್ನಾನ ಮಾಡಿ, ಒತ್ತಿ ಒರೆಸಿ. ಅರಸಿನ, ತೆಂಗಿನೆಣ್ಣೆ ಹಚ್ಚಬೇಡಿ. ಕೆರೆ, ಸಮುದ್ರ ಗಾಯ ಪೂರ್ತಿ ಮಾಯುವವರೆಗೆ ಬೇಡ. ಗಾಯದಡಿ ಹಗ್ಗದಂತೆ ಗಟ್ಟಿ ಸಿಕ್ಕಿದರೆ ಹೆದರಬೇಡಿ, ಎರಡು ಮೂರು ತಿಂಗಳಲ್ಲಿ ಮೆತ್ತಗಾಗುತ್ತದೆ.

ನಡೆಯುವುದು ಮೊದಲ ದಿನದಿಂದಲೇ. ಅರ್ಧ ಕೊಡಪಾನ ನೀರಿಗಿಂತ ಭಾರವಾದದ್ದು ಎರಡು ವಾರ ಬೇಡ. ಮೀನಿನ ಕ್ರೇಟ್, ಅಕ್ಕಿ ಗೋಣಿ, ಬಲೆ ಎಳೆಯುವುದು, ಮರ ಹತ್ತುವುದು ಆರು ವಾರ ಬೇಡ. ಬೈಕಿನ ಕಿಕ್ ಮತ್ತು ಹಿಂದಿನ ಬ್ರೇಕು ಎರಡೂ ಬಲಗಾಲಿಗೇ. ಎರಡು ವಾರದ ನಂತರ, ನಿಂತ ಬೈಕಿನಲ್ಲಿ ಬ್ರೇಕನ್ನು ಜೋರಾಗಿ ತುಳಿದಾಗ ನೋವಿಲ್ಲದಿದ್ದರೆ ಮಾತ್ರ ಓಡಿಸಿ.

ತಡಮಾಡದೆ ಬನ್ನಿ, ರಾತ್ರಿಯಾದರೂ ಸರಿ

ಗಾಯದಿಂದ ರಕ್ತ ನಿಲ್ಲದಿದ್ದರೆ, ಊತ ಗಂಟೆಗಂಟೆಗೂ ಹೆಚ್ಚುತ್ತಿದ್ದರೆ, ಜ್ವರ 100.4 ದಾಟಿದರೆ, ಕೀವು ಬಂದರೆ, ವೃಷಣದಲ್ಲಿ ತೀವ್ರ ನೋವಾದರೆ, ಮೂತ್ರ ಹೋಗದಿದ್ದರೆ, ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ. ಉಸಿರು ಕಟ್ಟಿದರೆ ಅಥವಾ ಎದೆ ನೋಯುತ್ತಿದ್ದರೆ 108ಕ್ಕೆ ಕರೆ ಮಾಡಿ.

ಆಪರೇಶನ್ ದಿನ ಬರುವ ಮೊದಲೂ ಒಂದು ಎಚ್ಚರ: ಉಬ್ಬು ಗಟ್ಟಿಯಾಗಿ, ಮಲಗಿದರೂ ಒಳಗೆ ಹೋಗದೆ, ವಾಂತಿ ಶುರುವಾಗಿ, ಗಾಳಿಯೂ ಹೋಗದಿದ್ದರೆ ಕರುಳು ಸಿಕ್ಕಿಬಿದ್ದಿದೆ ಎಂದರ್ಥ. ಬಲವಂತವಾಗಿ ಒತ್ತಬೇಡಿ, ಏನೂ ತಿನ್ನಬೇಡಿ, ನೇರ ಎಮರ್ಜೆನ್ಸಿಗೆ ಬನ್ನಿ.

ಹೊಲಿಗೆ ತೆಗೆಯುವುದು ಹತ್ತನೆಯ ದಿನ, ಭಾನುವಾರ ಬಿದ್ದರೆ ಸೋಮವಾರ. ಬರುವಾಗ ಈ ಹಾಳೆ ಮತ್ತು ಡಿಸ್ಚಾರ್ಜ್ ಚೀಟಿ ಎರಡೂ ಕೈಯಲ್ಲಿರಲಿ.