ಕಂಕನಾಡಿಯ ಎರಡು ಅಕ್ಕಿ ಅಂಗಡಿಗಳು: ಆಟದ ಸಿದ್ಧಾಂತದ ಮೊದಲ ಪಾಠ

ವಿದ್ಯಾರ್ಥಿಗಳೇ, ಇಂದಿನ ಪಾಠಕ್ಕೆ ಕಾಗದ, ಪೆನ್ನು ಸಾಕು. ಮಂಗಳೂರಿನ ಕಂಕನಾಡಿ ಮಾರುಕಟ್ಟೆಯ ಬಳಿ ಎದುರುಬದುರಾಗಿ ಎರಡು ದಿನಸಿ ಅಂಗಡಿಗಳಿವೆ ಎಂದುಕೊಳ್ಳಿ. ಒಂದು ಕಾಮತರದು, ಇನ್ನೊಂದು ಶೆಟ್ಟರದು. ಇಬ್ಬರೂ ಬಂದರಿನ ಸಗಟು ವ್ಯಾಪಾರಿಗಳಿಂದ 25 ಕಿಲೋ ಕುಚ್ಚಲಕ್ಕಿ ಚೀಲವನ್ನು 1,200 ರೂಪಾಯಿಗೆ ತಂದು 1,300ಕ್ಕೆ ಮಾರುತ್ತಾರೆ. ಆ ಬೀದಿಯಲ್ಲಿ ತಿಂಗಳಿಗೆ 800 ಚೀಲ ಖರ್ಚಾಗುತ್ತದೆ. ಅರ್ಧರ್ಧ ಹಂಚಿಹೋದರೆ ಒಬ್ಬೊಬ್ಬರಿಗೆ 40,000 ರೂಪಾಯಿ ಲಾಭ.

ಒಂದು ತಿಂಗಳ ಕೊನೆಯ ರಾತ್ರಿ ಇಬ್ಬರೂ ಬಾಗಿಲು ಹಾಕಿಕೊಂಡು ಯೋಚಿಸುತ್ತಿದ್ದಾರೆ: ನಾಳೆ ದರವನ್ನು 1,260ಕ್ಕೆ ಇಳಿಸಲೇ? ಒಬ್ಬರೇ ಇಳಿಸಿದರೆ 700 ಚೀಲ ಅವರಲ್ಲೇ ಹೋಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಸಾಲ ಬರೆಸುವ ಗಿರಾಕಿಗಳು ಮಾತ್ರ ಇನ್ನೊಬ್ಬರಲ್ಲಿ ಉಳಿದು, ಅಲ್ಲಿ 100 ಚೀಲವಷ್ಟೇ ಖರ್ಚಾಗುತ್ತದೆ. ಇಬ್ಬರೂ ಇಳಿಸಿದರೆ ಮತ್ತೆ ಅರ್ಧರ್ಧ, ಆದರೆ ಚೀಲಕ್ಕೆ 60 ರೂಪಾಯಿಯ ಲಾಭದಲ್ಲಿ. ಕೋಷ್ಟಕದ ಪ್ರತಿ ಮನೆಯಲ್ಲಿ ಮೊದಲ ಅಂಕಿ ಕಾಮತರದು, ಎರಡನೆಯದು ಶೆಟ್ಟರದು.

| | ಶೆಟ್ಟರು ಇಳಿಸದಿದ್ದರೆ | ಶೆಟ್ಟರು ಇಳಿಸಿದರೆ |
|---|---|---|
| ಕಾಮತರು ಇಳಿಸದಿದ್ದರೆ | 40,000 / 40,000 | 10,000 / 42,000 |
| ಕಾಮತರು ಇಳಿಸಿದರೆ | 42,000 / 10,000 | 24,000 / 24,000 |

ಈಗ ಕಾಮತರ ಗಲ್ಲಾಪೆಟ್ಟಿಗೆಯ ಮುಂದೆ ನೀವೇ ಕುಳಿತುಕೊಳ್ಳಿ. ಶೆಟ್ಟರು ಇಳಿಸುವುದಿಲ್ಲ ಎಂದಾದರೆ ನಾನು ಇಳಿಸುವುದೇ ಮೇಲು: 40,000ದ ಬದಲು 42,000. ಅವರು ಇಳಿಸುತ್ತಾರೆ ಎಂದಾದರೂ ನಾನು ಇಳಿಸುವುದೇ ಮೇಲು: 10,000ದ ಬದಲು 24,000. ಎದುರಾಳಿ ಏನು ಮಾಡಿದರೂ ಮೇಲಾಗಿಯೇ ಇರುವ ಇಂಥ ನಡೆಗೆ ಪ್ರಬಲ ತಂತ್ರ ಎಂದು ಹೆಸರು. ಶೆಟ್ಟರ ಲೆಕ್ಕವೂ ಅಕ್ಷರಶಃ ಇದೇ. ಬೆಳಿಗ್ಗೆ ಎರಡೂ ಅಂಗಡಿಗಳ ಮುಂದೆ 1,260ರ ಬೋರ್ಡು. ಇಬ್ಬರೂ ಬುದ್ಧಿವಂತರೇ, ಲೆಕ್ಕದಲ್ಲಿ ಯಾರೂ ತಪ್ಪಿಲ್ಲ. ಆದರೂ ಇಬ್ಬರಿಗೂ 16,000 ರೂಪಾಯಿ ಖೋತಾ. ಈಗ ಒಬ್ಬರೇ ದರವನ್ನು ಹಿಂದಕ್ಕೆ ಏರಿಸಿದರೆ ಅವರೇ 10,000ಕ್ಕೆ ಇಳಿಯುತ್ತಾರೆ. ಹಾಗಾಗಿ ಯಾರೂ ಒಂಟಿಯಾಗಿ ಕದಲುವುದಿಲ್ಲ. ಇದೇ ನ್ಯಾಶ್ ಸಮತೋಲ. ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ಪ್ರಕಟಿಸಿದ ಈ ವಿಚಾರ ಅವರಿಗೆ 1994ರ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ಪಾಲು ತಂದಿತು.

ಈ ಬಿಕ್ಕಟ್ಟನ್ನು ಆಟದ ರೂಪದಲ್ಲಿ ಮೊದಲು ಆಡಿಸಿ ನೋಡಿದವರು, ಅದೇ 1950ರಲ್ಲಿ, ಅಮೆರಿಕದ ರ್‍ಯಾಂಡ್ ಸಂಸ್ಥೆಯ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್. ಪ್ರತ್ಯೇಕ ಕೋಣೆಗಳಲ್ಲಿ ವಿಚಾರಣೆ ಎದುರಿಸುವ ಇಬ್ಬರು ಕೈದಿಗಳ ಕಥೆಯನ್ನು ಅದಕ್ಕೆ ಹೊಂದಿಸಿದವರು ಗಣಿತಜ್ಞ ಆಲ್ಬರ್ಟ್ ಟಕರ್. ಇಬ್ಬರೂ ಬಾಯಿ ಬಿಡದಿದ್ದರೆ ಇಬ್ಬರಿಗೂ ಕಡಿಮೆ ಶಿಕ್ಷೆ. ಆದರೆ ಇನ್ನೊಬ್ಬ ಬಾಯಿ ಬಿಟ್ಟಾನು ಎಂದು ಇಬ್ಬರೂ ಒಪ್ಪಿಕೊಳ್ಳುತ್ತಾರೆ.

ಈ ಪಾಠದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ನಿಮಗೆ ಕಾಣಿಸಬೇಕೆಂದು ನಾನು ಬಯಸುವುದು ಒಂದು ವ್ಯತ್ಯಾಸವನ್ನು. ದರ ಇಳಿಸಲು ಆಸೆ ಕೊಡುವ ಲಾಭ ಬರೀ 2,000. ಎದುರಿನವರು ಇಳಿಸಿದಾಗ ಹಳೆಯ ದರದಲ್ಲೇ ಒಂಟಿಯಾಗಿ ಉಳಿದರೆ, 24,000ದ ಬದಲು 10,000 ಸಿಕ್ಕು, ಆಗುವ ನಷ್ಟ 14,000. ಅಂದರೆ ಇಲ್ಲಿ ದುರಾಸೆಗಿಂತ ಭಯದ ಎಳೆತ ಏಳು ಪಟ್ಟು. ದರಸಮರ ಕಂಡಾಗಲೆಲ್ಲ ವ್ಯಾಪಾರಿಯ ದುರಾಸೆಯನ್ನು ಬೈಯುವ ಮೊದಲು ಈ ಎರಡು ಅಂಕಿಗಳನ್ನು ಬೇರೆ ಬೇರೆ ಬರೆದು ನೋಡಿ. ಭಯ ದೊಡ್ಡದಿರುವಲ್ಲಿ ಪರಿಹಾರವೂ ಬೇರೆಯೇ.

ಇಬ್ಬರೂ ನಾಳೆಯೂ, ಮುಂದಿನ ತಿಂಗಳೂ ಎದುರುಬದುರೇ ಇರುವವರು. ಈ ತಿಂಗಳು ಕಾಮತರು ಇಳಿಸಿ 2,000 ಹೆಚ್ಚು ಗಳಿಸಿದರೆ, ಶೆಟ್ಟರೂ ಇಳಿಸಿದ ಮೇಲೆ ತಿಂಗಳಿಗೆ 16,000 ಕಳೆದುಕೊಳ್ಳುತ್ತಾರೆ. ಆಟ ಮುಂದುವರಿಯುತ್ತದೆ ಎಂಬ ನಂಬಿಕೆ ಇರುವಷ್ಟು ದಿನ ತಡೆದುಕೊಳ್ಳುವುದೇ ಲಾಭ. ಇಂಥದ್ದೇ ಆಟವನ್ನು ಮತ್ತೆ ಮತ್ತೆ ಆಡಿಸಿ ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ ನಡೆಸಿದ ಕಂಪ್ಯೂಟರ್ ಪಂದ್ಯಗಳಲ್ಲಿ ಗೆದ್ದದ್ದು ಅನಟೋಲ್ ರಾಪೊಪೋರ್ಟ್ ಕಳುಹಿಸಿದ ಬಹಳ ಸರಳ ತಂತ್ರ: ಮೊದಲು ಸಹಕರಿಸು, ಆಮೇಲೆ ಎದುರಾಳಿ ಹಿಂದಿನ ಸುತ್ತಿನಲ್ಲಿ ಮಾಡಿದ್ದನ್ನೇ ಮಾಡು. ಅದು ಪೆಟ್ಟಿಗೆ ಪೆಟ್ಟು ಕೊಡುತ್ತದೆ, ಆದರೆ ದ್ವೇಷ ಸಾಧಿಸುವುದಿಲ್ಲ.

ಗಿರಾಕಿಯನ್ನು ಮಾತ್ರ ಮರೆಯಬೇಡಿ. ದರ ಇಳಿದಾಗ ಅಂಗಡಿಯವರಿಬ್ಬರೂ ಸೇರಿ ಕಳೆದುಕೊಂಡ 32,000, 800 ಚೀಲ ಕೊಂಡ ಮನೆಗಳಲ್ಲಿ ಚೀಲಕ್ಕೆ 40 ರೂಪಾಯಿಯಂತೆ ಉಳಿದಿದೆ. ಆದ್ದರಿಂದಲೇ ಇಬ್ಬರೂ ಹೋಟೆಲಿನಲ್ಲಿ ಕುಳಿತು 1,300 ಎಂದು ದರ ನಿಗದಿ ಮಾಡಿಕೊಂಡರೆ, 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ನಿನ ಅಡಿಯಲ್ಲಿ ಅದು ನಿಷಿದ್ಧ. ಎದುರಿನ ಬೋರ್ಡು ನೋಡಿ ತಾನಾಗಿ ತಡೆದುಕೊಳ್ಳುವುದು ಬೇರೆ, ಒಪ್ಪಂದ ಮಾಡಿಕೊಳ್ಳುವುದು ಬೇರೆ. ನಾಳೆ ಮ್ಯಾನೇಜರ್ ಆಗುವ ನೀವು ಈ ಗೆರೆಯನ್ನು ದಾಟಬಾರದು.

ಮುಂದಿನ ತರಗತಿಗೆ ಒಂದು ಲೆಕ್ಕ. ಕಾಮತರು ಸರಿಯಾಗಿ ಹನ್ನೆರಡು ತಿಂಗಳಿಗೆ ಅಂಗಡಿ ಮುಚ್ಚುತ್ತಾರೆ, ಅದು ಶೆಟ್ಟರಿಗೂ ಗೊತ್ತಿದೆ. ಹನ್ನೆರಡನೆಯ ತಿಂಗಳಲ್ಲಿ ಇಬ್ಬರೂ ಏನು ಮಾಡುತ್ತಾರೆ? ಅದು ಗೊತ್ತಾದ ಮೇಲೆ ಹನ್ನೊಂದನೆಯದರಲ್ಲಿ? ಹೀಗೆ ಹಿಂದಕ್ಕೆ ಬರುತ್ತಾ ಮೊದಲ ತಿಂಗಳವರೆಗೆ ಬರೆದು ತನ್ನಿ.