ಮರ 240, ತೋಟ ಆರೇ: ಸಂಪಾದಕರಿಗೆ ಪತ್ರ

ಬದಿಯಡ್ಕ, ಕಾಸರಗೋಡು ಜಿಲ್ಲೆ
12 ನವೆಂಬರ್ 2025

ಸಂಪಾದಕರಿಗೆ,
ಕೃಷಿ ವಿಜ್ಞಾನ ತ್ರೈಮಾಸಿಕ

ವಿಷಯ: ಕಳೆದ ಸಂಚಿಕೆಯ ಮಹಾಳಿ ಲೇಖನದ (ಪುಟ 41ರಿಂದ 48) ಲೆಕ್ಕದಲ್ಲಿರುವ ತಪ್ಪು

ಮಾನ್ಯರೇ,

ನಮಸ್ಕಾರ. ಬೋರ್ಡೋ ದ್ರಾವಣಕ್ಕೆ ಹೊಸ ಅಂಟು ಸೇರಿಸಿ ಸಿಂಪಡಿಸಿದರೆ ಅಡಿಕೆಯ ಮಹಾಳಿ, ಅಂದರೆ ಕೊಳೆರೋಗ, ಕಡಿಮೆಯಾಗುತ್ತದೆ ಎಂಬ ಲೇಖನವನ್ನು ಕಳೆದ ಸಂಚಿಕೆಯಲ್ಲಿ ನೀವು ಪ್ರಕಟಿಸಿದ್ದೀರಿ. ನಮ್ಮ ಪೆರ್ಲ, ಬದಿಯಡ್ಕ ಸುತ್ತಿನ ತೋಟಗಳಲ್ಲೇ ನಡೆದ ಪ್ರಯೋಗ ಅದು. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದವನು. ಮನೆಯ ಹಿಂದೆ ಒಂದಿಷ್ಟು ಅಡಿಕೆಯೂ ಇದೆ. ಹಾಗಾಗಿ ಲೇಖನವನ್ನು ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಓದುವಾಗ ಮುಖ್ಯ ಲೆಕ್ಕದಲ್ಲೇ ತಪ್ಪು ಇರುವುದು ಕಂಡಿತು. ಲೇಖನದ ತೀರ್ಮಾನ ನಿಂತಿರುವುದು ಆ ಲೆಕ್ಕದ ಮೇಲೆಯೇ. ಅದಕ್ಕಾಗಿ ಈ ಪತ್ರ.

ಲೇಖಕರು ಮಾಡಿದ್ದು ಇಷ್ಟು. ಆರು ತೋಟ ಆರಿಸಿಕೊಂಡರು. ಮೂರು ತೋಟಕ್ಕೆ ಎಂದಿನ ಶೇಕಡಾ 1ರ ಬೋರ್ಡೋ, ಅಂದರೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಉಳಿದ ಮೂರು ತೋಟಕ್ಕೆ ಅದೇ ದ್ರಾವಣ, ಜೊತೆಗೆ ಹೊಸ ಅಂಟು. ಪ್ರತಿ ತೋಟದಲ್ಲಿ 40 ಮರ ಗುರುತು ಮಾಡಿ, ಒಂದೊಂದು ಮರದಲ್ಲಿ ನೂರಕ್ಕೆ ಎಷ್ಟು ಕಾಯಿ ಮಹಾಳಿಗೆ ಉದುರಿತು ಎಂದು ಎಣಿಸಿದರು. ಮಳೆಗಾಲದಲ್ಲಿ ಜಾರುವ ತೋಟದಲ್ಲಿ ಓಡಾಡಿ 240 ಮರದ ಬುಡದ ಕಾಯಿ ಹೆಕ್ಕಿ ಎಣಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆ ಶ್ರಮದ ಬಗ್ಗೆ ನನಗೆ ಪೂರ್ತಿ ಗೌರವ ಇದೆ.

ಕೋಷ್ಟಕ 2ರ ಪ್ರಕಾರ ಎಂದಿನ ಮದ್ದು ಬಿಟ್ಟ ತೋಟಗಳ ಸರಾಸರಿ ನಷ್ಟ ಶೇಕಡಾ 14, 19, 27. ಹೊಸ ಅಂಟಿನ ತೋಟಗಳದ್ದು 9, 13, 20. ಎರಡು ಗುಂಪಿನ ಸರಾಸರಿ ಕ್ರಮವಾಗಿ 20 ಮತ್ತು 14. ವ್ಯತ್ಯಾಸ 6. ಆಮೇಲೆ ಲೇಖಕರು 120 ಮರಗಳನ್ನು ಒಂದು ಕಡೆ, 120 ಮರಗಳನ್ನು ಇನ್ನೊಂದು ಕಡೆ ಇಟ್ಟು ಟಿ ಪರೀಕ್ಷೆ ಮಾಡಿದ್ದಾರೆ. t = 3.60, ಸ್ವಾತಂತ್ರ್ಯ ಮಟ್ಟ 238, p < 0.001 ಎಂದು ಬರೆದಿದ್ದಾರೆ. ಅಂದರೆ ಅಂಟಿನಿಂದ ಏನೂ ಆಗದಿದ್ದರೆ ಇಷ್ಟು ವ್ಯತ್ಯಾಸ ಕಾಣುವ ಸಂಭವ ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದು. ಗುಣಾಕಾರ, ಭಾಗಾಕಾರದಲ್ಲಿ ತಪ್ಪಿಲ್ಲ. ಪ್ರತಿ ತೋಟದೊಳಗಿನ ಮಾನಕ ವಿಚಲನೆ 12 ಎಂದು ಅವರೇ ಕೊಟ್ಟಿರುವುದರಿಂದ ನಾನೂ ಲೆಕ್ಕ ಹಾಕಿದೆ. ನನಗೂ 3.60 ಬಂತು.

ತಪ್ಪು ಇರುವುದು 238ರಲ್ಲಿ. ಆ ಸಂಖ್ಯೆ ಬರಬೇಕಾದರೆ 240 ಮರಗಳೂ ಒಂದಕ್ಕೊಂದು ಸಂಬಂಧ ಇಲ್ಲದ 240 ಬೇರೆ ಬೇರೆ ಪ್ರಯೋಗಗಳಾಗಿರಬೇಕು. ಇಲ್ಲಿ ಹಾಗಿಲ್ಲ. ಯಾವ ಮದ್ದು ಎಂದು ನಿರ್ಧಾರ ಆದದ್ದು ಮರಕ್ಕಲ್ಲ, ತೋಟಕ್ಕೆ. ಒಂದು ತೋಟದ 40 ಮರಕ್ಕೂ ಒಂದೇ ಬ್ಯಾರಲ್‌ನಲ್ಲಿ ಕಲಸಿದ ಮದ್ದು. ಬಿಟ್ಟವರು ಒಬ್ಬರೇ. ಬಿಟ್ಟು ಒಂದು ಗಂಟೆಯೊಳಗೆ ಮಳೆ ಹೊಡೆದರೆ ಅಷ್ಟೂ ಮರಕ್ಕೆ ಹೊಡೆಯಿತು. ಮೇಲಾಗಿ ಮಹಾಳಿ ನೀರಿನಲ್ಲಿ ಹರಡುವ ರೋಗ. ಒಂದು ಗೊನೆಯಿಂದ ಸಿಡಿದ ಮಳೆಹನಿ ಪಕ್ಕದ ಮರದ ಗೊನೆಗೆ ರೋಗ ಒಯ್ಯುತ್ತದೆ. ಒಂದು ಮರಕ್ಕೆ ಬಂದರೆ ಪಕ್ಕದ ಮರಕ್ಕೂ ಬರುವ ಸಂಭವ ಜಾಸ್ತಿ.

ನಮ್ಮ ತೋಟಕ್ಕೂ ಪಕ್ಕದವರ ತೋಟಕ್ಕೂ ನಡುವೆ ಇರುವುದು ಒಂದು ಅಗಳು ಮಾತ್ರ. ಇಬ್ಬರೂ ಒಂದೇ ದಿನ, ಒಂದೇ ಅಂಗಡಿಯ ಮೈಲುತುತ್ತು ಕಲಸಿ, ಒಬ್ಬರೇ ಆಳಿನಿಂದ ಮದ್ದು ಬಿಡಿಸುತ್ತೇವೆ. ಆದರೂ ನಮ್ಮಲ್ಲಿ ಉದುರುವಷ್ಟು ಅವರಲ್ಲಿ ಉದುರುವುದಿಲ್ಲ. ಅವರದ್ದು ಮೂಡು ಮುಖದ ಇಳಿಜಾರು. ಬಿಸಿಲು ಬಿದ್ದ ಕೂಡಲೇ ಗೊನೆ ಒಣಗುತ್ತದೆ. ನಮ್ಮದು ತೋಡಿನ ಬದಿ. ಹತ್ತು ಗಂಟೆಗೂ ಹಾಳೆಯ ಸಂದಿಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಮದ್ದಿನಲ್ಲಿ ಎಳ್ಳಷ್ಟೂ ಭೇದ ಇಲ್ಲದೆಯೇ ತೋಟದಿಂದ ತೋಟಕ್ಕೆ ಇಷ್ಟು ವ್ಯತ್ಯಾಸ ಬರುತ್ತದೆ ಅಂದಮೇಲೆ ಆರು ತೋಟದ ಪ್ರಯೋಗದಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು, ಅಲ್ವಾ? ಲೇಖನದಲ್ಲೇ ನೋಡಿ. ಒಂದೇ ಎಂದಿನ ಮದ್ದು ಬಿಟ್ಟ ಮೂರು ತೋಟಗಳ ನಷ್ಟ 14ರಿಂದ 27ರ ವರೆಗೆ ಹರಡಿದೆ. ಎರಡು ಮದ್ದಿನ ನಡುವಿನ ವ್ಯತ್ಯಾಸ ಬರೀ 6.

ಈ ಬಗೆಯ ತಪ್ಪಿಗೆ ಹುಸಿ ಪುನರಾವರ್ತನೆ ಎನ್ನುತ್ತಾರೆ. 1984ರಲ್ಲಿ ಸ್ಟುವರ್ಟ್ ಹರ್ಲ್‌ಬರ್ಟ್ ಎಂಬ ಪರಿಸರ ವಿಜ್ಞಾನಿ ಇದನ್ನು ಹೆಸರು ಹಿಡಿದು ತೋರಿಸಿದರು. ಹೊಲ, ತೋಟ, ಕೆರೆಗಳಲ್ಲಿ ನಡೆಯುವ ಪ್ರಯೋಗಗಳಲ್ಲಿ ಇದು ಅಂದಿಗೂ ಸಾಮಾನ್ಯ, ಇಂದಿಗೂ ಸಾಮಾನ್ಯ. ಲೇಖಕರು ಬೇಕೆಂದು ಮಾಡಿದ್ದಾರೆ ಎಂದು ನಾನು ಖಂಡಿತ ಹೇಳುತ್ತಿಲ್ಲ. ನನ್ನ ವಿದ್ಯಾರ್ಥಿಗಳು ಮಾಡಿದ್ದಾರೆ. ಚಿಕ್ಕ ವಯಸ್ಸಿನಲ್ಲಿ ನಾನೂ ಒಂದು ವರದಿಯಲ್ಲಿ ಮಾಡಿ, ಗುರುಗಳು ತೋರಿಸಿದ ಮೇಲೆ ತಿದ್ದಿದ್ದೇನೆ.

ಸರಿಯಾದ ಲೆಕ್ಕ ತೀರಾ ಸುಲಭ. ತೋಟಕ್ಕೆ ಒಂದರಂತೆ ಆರು ಸರಾಸರಿಗಳನ್ನು ಮಾತ್ರ ತೆಗೆದುಕೊಳ್ಳಬೇಕು. ಆರ್ ತಂತ್ರಾಂಶದಲ್ಲಿ ಮೂರು ಸಾಲು:

```r
hale <- c(14, 19, 27)
hosa <- c(9, 13, 20)
t.test(hale, hosa, var.equal = TRUE)
```

ಉತ್ತರ: t = 1.21, ಸ್ವಾತಂತ್ರ್ಯ ಮಟ್ಟ 4, p = 0.29. ವ್ಯತ್ಯಾಸ ಅದೇ 6. ಆದರೆ ಅದರ ಶೇಕಡಾ 95ರ ವಿಶ್ವಾಸಾಂತರ −7.8ರಿಂದ 19.8ರ ವರೆಗೆ ಹೋಗುತ್ತದೆ. ಅಂದರೆ ಹೊಸ ಅಂಟು ನಷ್ಟವನ್ನು ತುಂಬಾ ತಗ್ಗಿಸಿರಲೂಬಹುದು, ಏನೂ ಮಾಡದಿರಲೂಬಹುದು, ಸ್ವಲ್ಪ ಹೆಚ್ಚಿಸಿರಲೂಬಹುದು. ಈ ಅಂಕಿಗಳಿಂದ ಇಷ್ಟೇ ಹೇಳಲು ಬರುತ್ತದೆ. ಎಲ್ಲ ಮರಗಳ ಅಂಕಿ ಇಟ್ಟುಕೊಂಡೇ ಲೆಕ್ಕ ಮಾಡಬೇಕೆಂದರೂ ದಾರಿ ಇದೆ. ಒಂದೇ ತೋಟದ ಮರಗಳ ನಡುವಿನ ಹೋಲಿಕೆಯನ್ನು ಅಳೆದರೆ ಸುಮಾರು 0.19 ಬರುತ್ತದೆ. ಹಾಗಾಗಿ 1 + (40 − 1) × 0.19, ಅಂದರೆ ಎಂಟು ಪಟ್ಟಿಗೂ ಮೀರಿ ಮಾಹಿತಿ ಸೊರಗುತ್ತದೆ. 240 ಮರ ಎಣಿಸಿದರೂ ಕೈಗೆ ಸಿಕ್ಕ ಮಾಹಿತಿ ಬಿಡಿ ಬಿಡಿಯಾದ 29 ಮರಗಳಷ್ಟೇ.

ಸೂತ್ರ ಬೇಡ ಎನ್ನುವ ಓದುಗರಿಗಾಗಿ ಇನ್ನೊಂದು ಬಗೆಯಲ್ಲಿ ಹೇಳುತ್ತೇನೆ. ಇದನ್ನು ಯಾರು ಬೇಕಾದರೂ ಮನೆ ಜಗಲಿಯಲ್ಲಿ ಕೂತು ಮಾಡಬಹುದು. 9, 13, 14, 19, 20, 27 ಎಂದು ಆರು ಚೀಟಿ ಬರೆಯಿರಿ. ಹೊಸ ಅಂಟಿನಿಂದ ಏನೂ ಆಗಿಲ್ಲ ಎಂದುಕೊಳ್ಳಿ. ಆಗ ಯಾವ ಮೂರು ತೋಟ ಹಳೆ ಮದ್ದಿನ ಗುಂಪಿಗೆ ಬಿದ್ದವು ಎನ್ನುವುದು ಸುಮ್ನೆ ಚೀಟಿ ಎತ್ತಿದ ಹಾಗೆ. ಆರರಲ್ಲಿ ಮೂರನ್ನು ಎತ್ತಲು 20 ದಾರಿ. ಲೇಖನದಲ್ಲಿ ಹಳೆ ಮದ್ದಿನ ಮೂರು ತೋಟಗಳ ಮೊತ್ತ 60. ಮೊತ್ತ 60 ಅಥವಾ ಅದಕ್ಕಿಂತ ಜಾಸ್ತಿ ಬರುವ ಎತ್ತುಗಳನ್ನು ಎಣಿಸಿ: 27+20+19, 27+20+14, 27+20+13, 27+19+14. ಒಟ್ಟು ನಾಲ್ಕು. ಅಂಟು ನೀರಿಗೆ ಸಮ ಎಂದಿಟ್ಟುಕೊಂಡರೂ ಐದರಲ್ಲಿ ಒಂದು ಸಲ ಇಷ್ಟೇ ದೊಡ್ಡ ಲಾಭ ಕಾಣಿಸುತ್ತದೆ. ಉಲ್ಟಾ ದಿಕ್ಕಿನ ವ್ಯತ್ಯಾಸವನ್ನೂ ಸೇರಿಸಿದರೆ 20ರಲ್ಲಿ 8. ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎನ್ನುವ ಮಾತು ಎಲ್ಲಿ, ಇದು ಎಲ್ಲಿ.

ಇದರಲ್ಲಿ ಇನ್ನೊಂದು ವಿಷಯ ಇದೆ. ಮೂರಕ್ಕೆ ಮೂರು ತೋಟ ಇಟ್ಟರೆ, ಹೊಸ ಮದ್ದಿನ ಮೂರೂ ತೋಟ ಹಳೆಯ ಮೂರನ್ನೂ ಮೀರಿಸಿದರೂ ಚೀಟಿ ಲೆಕ್ಕದಲ್ಲಿ ಸಿಗುವ ಅತಿ ಚಿಕ್ಕ p ಬೆಲೆ 20ರಲ್ಲಿ 2, ಅಂದರೆ 0.10. ಸಾಮಾನ್ಯವಾಗಿ ಒಪ್ಪುವ 0.05ರ ಮಿತಿಗೆ ಅದು ಇಳಿಯುವುದೇ ಇಲ್ಲ. ಒಂದೊಂದು ತೋಟದಲ್ಲಿ 40ರ ಬದಲು 400 ಮರ ಎಣಿಸಿದರೂ ಇದು ಬದಲಾಗದು. ಪ್ರಯೋಗ ಶುರು ಮಾಡುವ ಮೊದಲೇ ಯಾರಾದರೂ ಇದನ್ನು ಲೇಖಕರಿಗೆ ಹೇಳಿದ್ದರೆ ಒಂದು ಮಳೆಗಾಲದ ದುಡಿಮೆ ಉಳಿಯುತ್ತಿತ್ತು.

ಎರಡು ಚಿಕ್ಕ ಮಾತು. ಹೊಸ ಅಂಟನ್ನು "ಆಸಕ್ತಿ ತೋರಿಸಿದ" ಕೃಷಿಕರ ತೋಟಗಳಿಗೆ ಕೊಟ್ಟೆವು ಎಂದು ಪುಟ 43ರಲ್ಲಿದೆ. ಆಸಕ್ತಿ ಇರುವವರು ಉದುರಿದ ಕಾಯಿಯನ್ನು ಬೇಗ ಹೆಕ್ಕುತ್ತಾರೆ, ರೋಗದ ಗೊನೆಯನ್ನು ಬೇಗ ಇಳಿಸುತ್ತಾರೆ. ಅದರ ಫಲವೂ ಅಂಟಿನ ಲೆಕ್ಕಕ್ಕೆ ಸೇರಿರಬಹುದು. ಇನ್ನು ಸಾರಾಂಶದಲ್ಲಿ "ಶೇಕಡಾ 30 ಇಳಿಕೆ" ಎಂದಿದೆ. 20ರಲ್ಲಿ 6 ಎಂದರೆ 30 ಹೌದು. ಆದರೆ ಓದುವವರು ನೂರು ಕಾಯಿಯಲ್ಲಿ 30 ಉಳಿಯುತ್ತದೆ ಅಂದುಕೊಳ್ಳುತ್ತಾರೆ. ಉಳಿಯುವುದು 6.

ಇಷ್ಟು ಉದ್ದಕ್ಕೆ ಬರೆಯಲು ಕಾರಣ ಲೇಖನದ ಕೊನೆಯ ಸಾಲು. "ಎಲ್ಲ ಅಡಿಕೆ ಬೆಳೆಗಾರರು ಮುಂದಿನ ಮಳೆಗಾಲದಿಂದಲೇ ಬಳಸಬಹುದು" ಎಂದು ಅಲ್ಲಿ ಶಿಫಾರಸು ಮಾಡಲಾಗಿದೆ. ನಿಮ್ಮ ಪತ್ರಿಕೆ ನಮ್ಮ ಗಡಿನಾಡಿನ ಕನ್ನಡ ಓದುವ ಕೃಷಿಕರ ಮನೆಗೆ ಬರುತ್ತದೆ. ಅದರಲ್ಲಿ ಅಚ್ಚಾದದ್ದನ್ನು ಇಲ್ಲಿ ನಂಬುತ್ತಾರೆ. ಈಗಾಗಲೇ ನನ್ನ ಪರಿಚಯದ ಒಬ್ಬರು ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡು, ಬರುವ ಮೇ ತಿಂಗಳ ಮದ್ದಿಗೆ ಅಂಟು ತರಿಸುವ ಯೋಚನೆಯಲ್ಲಿದ್ದಾರೆ. ಅವರದ್ದು ಸಾಲ ಮಾಡಿ ಮದ್ದು ಬಿಡಿಸುವ ಸಣ್ಣ ತೋಟ. ಅಂಟು ಒಳ್ಳೆಯದೇ ಇರಬಹುದು. ಅದು ಸಾಬೀತಾಗಿದೆ ಎಂದು ಅವರಿಗೆ ಹೇಳುವ ಹಕ್ಕು ಈ ಲೆಕ್ಕಕ್ಕೆ ಇಲ್ಲ.

ನನ್ನ ಕೋರಿಕೆ ಇದು. ಲೇಖಕರಿಗೆ ಈ ಪತ್ರ ಕಳಿಸಿ ಅವರ ಉತ್ತರ ಪಡೆಯಿರಿ. ಪತ್ರ ಮತ್ತು ಉತ್ತರವನ್ನು ಒಟ್ಟಿಗೆ ಪ್ರಕಟಿಸಿ. ತೋಟವನ್ನೇ ಘಟಕವಾಗಿಟ್ಟು ಮಾಡಿದ ಲೆಕ್ಕದ ತಿದ್ದುಪಡಿ ಬರಲಿ, ಸಾರಾಂಶದ ಮತ್ತು ಶಿಫಾರಸಿನ ವಾಕ್ಯಗಳೂ ಅದಕ್ಕೆ ತಕ್ಕಂತೆ ಬದಲಾಗಲಿ. ಲೇಖನವನ್ನು ಹಿಂತೆಗೆದುಕೊಳ್ಳಬೇಕು ಎಂದು ನಾನು ಕೇಳುವುದಿಲ್ಲ. ಎಣಿಕೆ ಪ್ರಾಮಾಣಿಕವಾಗಿದೆ, ಅಂಕಿಗಳನ್ನು ಮುಚ್ಚಿಟ್ಟಿಲ್ಲ. ಕೋಷ್ಟಕ 2 ಇಲ್ಲದಿದ್ದರೆ ನನಗೆ ಈ ಪತ್ರ ಬರೆಯಲೂ ಆಗುತ್ತಿರಲಿಲ್ಲ.

ಮುಂದಿನ ಮಳೆಗಾಲಕ್ಕೆ ಅವರು ಪ್ರಯೋಗ ಮತ್ತೆ ಮಾಡುವುದಾದರೆ ಅದೇ ಆರು ತೋಟ ಸಾಕಾಗಬಹುದು. ಪ್ರತಿ ತೋಟವನ್ನು ಎರಡು ಭಾಗ ಮಾಡಿ, ನಡುವೆ ಎರಡು ಸಾಲು ಮರ ಬಿಟ್ಟು, ಯಾವ ಭಾಗಕ್ಕೆ ಯಾವ ಮದ್ದು ಎಂದು ನಾಣ್ಯ ಚಿಮ್ಮಿ ನಿರ್ಧರಿಸಬೇಕು. ಆಗ ಮೂಡು ಮುಖವೋ ತೋಡಿನ ಬದಿಯೋ, ಎರಡು ಮದ್ದಿಗೂ ಒಂದೇ ಆಗುತ್ತದೆ. ಆರು ತೋಟದಿಂದ ಆರು ವ್ಯತ್ಯಾಸ ಸಿಗುತ್ತವೆ, ಅವುಗಳ ಮೇಲೆ ಜೋಡಿ ಟಿ ಪರೀಕ್ಷೆ ಮಾಡಬಹುದು. ಲೇಖಕರು ಒಪ್ಪಿದರೆ ಲೆಕ್ಕದ ಕೆಲಸದಲ್ಲಿ ನಾನು ಕೈ ಜೋಡಿಸುತ್ತೇನೆ. ಏಳನೇ ತೋಟ ಬೇಕಿದ್ದರೆ ನಮ್ಮ ತೋಡಿನ ಬದಿಯ ತೋಟವೂ ಇದೆ.

ಅಂಟು ತಯಾರಿಸುವವರ ಜೊತೆಗಾಗಲಿ, ಮಾರುವವರ ಜೊತೆಗಾಗಲಿ, ಲೇಖಕರ ಜೊತೆಗಾಗಲಿ ನನಗೆ ಯಾವ ವ್ಯವಹಾರವೂ ಇಲ್ಲ. ಲೆಕ್ಕದ ಪೂರ್ತಿ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕ ಹಾಗೂ ಅಡಿಕೆ ಕೃಷಿಕ,
ಬದಿಯಡ್ಕ